108 ಗಿಡಮೂಲಿಕೆ ಇವೆಯಂತೆ, ಲೈಸೆನ್ಸ್ ನಂಬರ್ ಒಂದೂ ಇಲ್ಲ!

ನಿಮ್ಮ ಫೋನಿನಲ್ಲೂ ಆ ವಿಡಿಯೊ ಬಂದಿರುತ್ತದೆ. ಮಂಡಿಯವರೆಗೆ ಕೂದಲು ಇಳಿಬಿಟ್ಟ ನಾಲ್ಕೈದು ಜನ ಸಾಲಾಗಿ ನಿಂತಿರುತ್ತಾರೆ. ಹಿಂದೆ ದೊಡ್ಡ ಕಡಾಯಿಯಲ್ಲಿ ಹಸಿರು ಸೊಪ್ಪು ಕುದಿಯುತ್ತಿರುತ್ತದೆ. 'ಆದಿವಾಸಿ ಹೇರ್ ಆಯಿಲ್, 108 ಗಿಡಮೂಲಿಕೆ, ಇಷ್ಟೇ ದಿನದಲ್ಲಿ ರಿಸಲ್ಟ್' ಅಂತ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಯಾರೋ ಹೇಳುತ್ತಿರುತ್ತಾರೆ. ಮುಂಬೈನ ಸೆಲೆಬ್ರಿಟಿಗಳು, ಯೂಟ್ಯೂಬರ್‌ಗಳು ಮೈಸೂರು ಜಿಲ್ಲೆಯವರೆಗೂ ಬಂದು ಇಂಥ ವಿಡಿಯೊ ಮಾಡಿ ಹೋಗಿದ್ದಾರೆ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಸಮುದಾಯದ ಹೆಸರು ದೇಶದ ತುಂಬಾ ಗೊತ್ತಾಗಿದ್ದು ಹೀಗೆ.

ಈ ಸಮುದಾಯದ ಮಟ್ಟಿಗೆ ಎಣ್ಣೆ ಮಾರುವುದು ರೀಲ್ಸ್ ಕಾಲದಲ್ಲಿ ಹುಟ್ಟಿದ ಐಡಿಯಾ ಅಲ್ಲ. ಹಕ್ಕಿ ಹಿಡಿದು ಬದುಕುತ್ತಿದ್ದವರ ಕಸುಬನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಪರಾಧ ಮಾಡಿತು. ಬೇರೆ ದಾರಿ ಹುಡುಕಿಕೊಂಡವರು ಗಿಡಮೂಲಿಕೆ, ಎಣ್ಣೆ ಹಿಡಿದು ಊರೂರು ತಿರುಗಿದರು, ಆಮೇಲೆ ಆಫ್ರಿಕಾದವರೆಗೂ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನ್ ಯುದ್ಧದಲ್ಲಿ ಸಿಕ್ಕಿಬಿದ್ದ ಕನ್ನಡಿಗರು ಇವರೇ ಅಂತ ನಮಗೆ ಆಗ ಗೊತ್ತಾಯಿತು. ಹಾಗಾಗಿ 'ಆದಿವಾಸಿ ಎಣ್ಣೆ ಎಲ್ಲಾ ಮೋಸ' ಅಂತ ಸೋಫಾ ಮೇಲೆ ಕೂತು ತೀರ್ಪು ಕೊಡುವವರ ಜೊತೆ ನಾನಿಲ್ಲ. ಆದರೆ ಇವತ್ತು ಆ ಹೆಸರು ಹೊತ್ತು ಆನ್‌ಲೈನ್‌ನಲ್ಲಿ ಬರುವ ಬಾಟಲಿಗಳನ್ನೆಲ್ಲ ಆ ಸಮುದಾಯದವರೇ ಮಾಡಿದ್ದಾರೆ ಅಂತ ನಂಬಲು ಬಾಟಲಿಯ ಮೇಲೆ ಏನಾದರೂ ಆಧಾರ ಇರಬೇಕಲ್ವಾ? ಅದನ್ನು ಹುಡುಕಲು ಹೊರಟೆ.

ಗೆಳತಿಯೊಬ್ಬಳು ಇನ್‌ಸ್ಟಾಗ್ರಾಂನಲ್ಲಿ ನೋಡಿ ತರಿಸಿದ್ದ ಬಾಟಲಿ ನನ್ನ ಮೇಜಿನ ಮೇಲಿದೆ. ಮಾರಾಟಗಾರರ ಹೆಸರು ಇಲ್ಲಿ ಬೇಡ, ಇಂಥವು ನೂರಿವೆ. ಮುಂಭಾಗದಲ್ಲಿ ಋಷಿಯೊಬ್ಬರ ಚಿತ್ರ, '108 ಅಪರೂಪದ ಕಾಡು ಮೂಲಿಕೆಗಳು', '15 ದಿನದಲ್ಲಿ ಕೂದಲು ಉದುರುವುದು ಬಂದ್', 'ಬೋಳು ತಲೆಯಲ್ಲೂ ಹೊಸ ಕೂದಲು', 'ನೋ ಸೈಡ್ ಎಫೆಕ್ಟ್'. ಹಿಂಭಾಗದಲ್ಲಿ ನಾಲ್ಕು ಮುದ್ರೆಗಳು: ಐಎಸ್ಒ, ಜಿಎಂಪಿ, 'ಆಯುಷ್ ಅಪ್ರೂವ್ಡ್', ಹಸಿರು ಎಲೆಯ ಒಂದು ಚಿತ್ರ. ಕೆಳಗೆ 14 ಅಂಕಿಯ ಎಫ್ಎಸ್ಎಸ್ಎಐ ಸಂಖ್ಯೆ. ಘಟಕಗಳು ಅಂತ ಇರುವ ಕಡೆ 'ಭೃಂಗರಾಜ, ಆಮ್ಲಾ, ಬ್ರಾಹ್ಮಿ, ನೀಲಿ ಹಾಗೂ ಇತರೆ ಅಮೂಲ್ಯ ಗಿಡಮೂಲಿಕೆಗಳು, ಆಯಿಲ್ ಬೇಸ್'. ತಯಾರಕರ ವಿಳಾಸದ ಜಾಗದಲ್ಲಿ ಒಂದು ಮೊಬೈಲ್ ನಂಬರ್ ಮತ್ತು 'ಕರ್ನಾಟಕ'. ಬ್ಯಾಚ್ ನಂಬರ್ ಇಲ್ಲ. ತಯಾರಿಕಾ ಲೈಸೆನ್ಸ್ ನಂಬರ್ ಇಲ್ಲ.

ಮೊದಲು ಆ 14 ಅಂಕಿ ನೋಡೋಣ. ಎಫ್ಎಸ್ಎಸ್ಎಐ ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರ. ಹಪ್ಪಳ, ಉಪ್ಪಿನಕಾಯಿ, ಅಡುಗೆ ಎಣ್ಣೆಗೆ ಅದು ಬೇಕು. ತಲೆಗೆ ಹಚ್ಚುವ ಎಣ್ಣೆಗೂ ಅದಕ್ಕೂ ಸಂಬಂಧವಿಲ್ಲ. ನಂಬರ್ ನಿಜವಾದದ್ದೇ ಇರಬಹುದು. ಆ ಮಾರಾಟಗಾರರು ಬೇರೆ ಯಾವುದೋ ತಿನಿಸಿಗೆ ಪಡೆದದ್ದಿರಬಹುದು. ಆದರೆ ಈ ಬಾಟಲಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಟ್ರೇಡ್‌ಮಾರ್ಕ್ ನಂಬರ್, ಜಿಎಸ್‌ಟಿ ನಂಬರ್, ಉದ್ಯಮ್ ನೋಂದಣಿ, ಐಎಸ್ಒ ಎಲ್ಲವೂ ಇದೇ ಜಾತಿ. ಒಂದು ಹೆಸರಿನ ಮೇಲಿನ ಹಕ್ಕು, ಇನ್ನೊಂದು ತೆರಿಗೆ, ಮತ್ತೊಂದು ಸಣ್ಣ ಉದ್ದಿಮೆ ಅಂತ ಗುರುತು. ಔಷಧಿ ಮಾಡಲು ಅನುಮತಿ ಯಾವುದೂ ಅಲ್ಲ. 'ಆಯುಷ್ ಅಪ್ರೂವ್ಡ್' ಅನ್ನುವುದಂತೂ ಇಲ್ಲದ ವಸ್ತು. ಕೇಂದ್ರದ ಆಯುಷ್ ಸಚಿವಾಲಯ ಯಾವ ಎಣ್ಣೆಗೂ ಲೈಸೆನ್ಸ್ ಕೊಡುವುದಿಲ್ಲ, ಯಾವುದನ್ನೂ ಪ್ರಮಾಣೀಕರಿಸುವುದಿಲ್ಲ. ಲೈಸೆನ್ಸ್ ಕೊಡುವುದು ರಾಜ್ಯದ ಪ್ರಾಧಿಕಾರ.

ಆ ಲೈಸೆನ್ಸ್ ಹೇಗಿರುತ್ತದೆ? ಆಯುರ್ವೇದ ಔಷಧಿ ತಯಾರಿಸಿ ಮಾರಲು ಔಷಧ ನಿಯಮಗಳ ಪ್ರಕಾರ ಫಾರ್ಮ್ 25-ಡಿಯಲ್ಲಿ ಅನುಮತಿ ಕೊಡುತ್ತಾರೆ. ಸ್ವಂತ ಕಾರ್ಖಾನೆ ಇಲ್ಲದೆ ಇನ್ನೊಬ್ಬರ ಕಾರ್ಖಾನೆಯಲ್ಲಿ ಮಾಡಿಸುವವರಿಗೆ 25-ಇ, ಅದನ್ನು ಲೋನ್ ಲೈಸೆನ್ಸ್ ಅಂತಾರೆ. ಪ್ಯಾಕ್ ಮೇಲೆ ಇದು 'ಎಂ.ಎಲ್.' ಅಥವಾ 'ಮ್ಯಾನುಫ್ಯಾಕ್ಚರಿಂಗ್ ಲೈಸೆನ್ಸ್ ನಂಬರ್' ಅಂತ ಬರಬೇಕು. ಜೊತೆಗೆ ತಯಾರಕರ ಹೆಸರು ಮತ್ತು ಪೂರ್ಣ ವಿಳಾಸ, ಬ್ಯಾಚ್ ನಂಬರ್, ತಯಾರಾದ ದಿನಾಂಕ, ಎಲ್ಲಿಯವರೆಗೆ ಬಳಸಬಹುದು ಅನ್ನುವುದು, 'ಆಯುರ್ವೇದಿಕ್ ಮೆಡಿಸಿನ್' ಎಂಬ ಪದ, ಹಚ್ಚುವ ವಸ್ತುವಾದರೆ 'ಬಾಹ್ಯ ಬಳಕೆಗೆ ಮಾತ್ರ' ಎಂಬ ಸೂಚನೆ ಇರಬೇಕು. ಇದನ್ನು ಹೇಳುವುದು ನಿಯಮ 161. ನಂಬರ್ ಬರೆಯುವ ಶೈಲಿ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ, ಆದ್ದರಿಂದ ನಂಬರ್ ನೋಡಿಯೇ ಅಸಲಿ ನಕಲಿ ಹೇಳಲು ಆಗಲ್ಲ. ವಿಳಾಸ ಇರುವ ರಾಜ್ಯ ಮತ್ತು ಲೈಸೆನ್ಸ್ ಕೊಟ್ಟ ರಾಜ್ಯ ಒಂದೇನಾ ಅಂತ ನೋಡಿ. ವಿಳಾಸದಲ್ಲಿ 'ತಯಾರಕರು' ಅಂತ ಇದೆಯಾ, ಬರೀ 'ಮಾರಾಟಗಾರರು' ಅಂತ ಇದೆಯಾ ಅದನ್ನೂ ನೋಡಿ.

ಈ ನಂಬರಿಗೆ ಇಷ್ಟು ತಲೆಕೆಡಿಸಿಕೊಳ್ಳಲು ಕಾರಣ ಇದೆ. ಅಲೋಪತಿ ಮಾತ್ರೆ ಮಾರಬೇಕಾದರೆ ಅಂಗಡಿಗೂ ಲೈಸೆನ್ಸ್ ಬೇಕು. ಆಯುರ್ವೇದ ಔಷಧಿ ಮಾರಲು ನಮ್ಮ ದೇಶದಲ್ಲಿ ಮಾರಾಟ ಲೈಸೆನ್ಸ್ ಬೇಕಿಲ್ಲ. ಕಿರಾಣಿ ಅಂಗಡಿ, ಬಸ್‌ಸ್ಟ್ಯಾಂಡ್, ವಾಟ್ಸಾಪ್ ಗ್ರೂಪ್, ಎಲ್ಲಿ ಬೇಕಾದರೂ ಮಾರಬಹುದು. ಅಂದರೆ ಇಡೀ ಸರಪಳಿಯಲ್ಲಿ ಸರ್ಕಾರ ಕಾವಲು ಕೂತಿರುವುದು ಒಂದೇ ಬಾಗಿಲಲ್ಲಿ, ತಯಾರಿಕೆಯಲ್ಲಿ. ಆ ಬಾಗಿಲನ್ನೇ ದಾಟದೆ ಬಂದ ಬಾಟಲಿಯಿಂದ ನೆತ್ತಿಯಲ್ಲಿ ಗುಳ್ಳೆ ಎದ್ದರೆ ಯಾವ ಬ್ಯಾಚ್ ಹಿಡಿಯುತ್ತೀರಿ, ಯಾರ ಮನೆ ಬಾಗಿಲು ತಟ್ಟುತ್ತೀರಿ?

'ನಾವು ಪಾರಂಪರಿಕ ವೈದ್ಯರು, ನಮಗೆ ಲೈಸೆನ್ಸ್ ಬೇಡ' ಅನ್ನುವ ಉತ್ತರವೂ ಸಿಗುತ್ತದೆ. ಇದು ಅರ್ಧ ಸತ್ಯ. ತಮ್ಮ ಸ್ವಂತ ರೋಗಿಗಳಿಗಾಗಿ ಔಷಧಿ ಮಾಡಿಕೊಡುವ ವೈದ್ಯರು, ಹಕೀಮರಿಗೆ ಕಾಯ್ದೆ ವಿನಾಯಿತಿ ಕೊಟ್ಟಿದೆ. ನಿಮ್ಮ ನಾಡಿ ಹಿಡಿದು, ತಲೆ ನೋಡಿ, ನಿಮಗೆಂದೇ ಎಣ್ಣೆ ಕಾಯಿಸಿ ಕೊಟ್ಟರೆ ಆ ವಿನಾಯಿತಿ. ಮುಖವೇ ನೋಡದ ಸಾವಿರ ಜನರಿಗೆ ಕೊರಿಯರ್ ಮಾಡಿದರೆ ಅದು ವ್ಯಾಪಾರ.

ಇನ್ನು ಆ 108. ಈ ಸಂಖ್ಯೆ ನಮ್ಮ ಮನಸ್ಸಿಗೆ ಯಾಕೆ ಹಿತ ಅಂತ ಹೇಳಬೇಕಾಗಿಲ್ಲ. ಆದರೆ ಆಯುರ್ವೇದದ್ದೇ ಲೆಕ್ಕದಲ್ಲಿ ಅದನ್ನು ತೂಗಿ ನೋಡಿದರೆ ಏನಾಗುತ್ತದೆ?

ತೈಲ ಕಾಯಿಸಲು ಶಾರ್ಙ್ಗಧರ ಸಂಹಿತೆಯ ಸಾಮಾನ್ಯ ಅಳತೆ ಹೀಗಿದೆ: ಅರೆದ ಮೂಲಿಕೆಯ ಮುದ್ದೆ, ಅಂದರೆ ಕಲ್ಕ, ಒಂದು ಪಾಲು, ಎಣ್ಣೆ ನಾಲ್ಕು ಪಾಲು, ರಸವೋ ಕಷಾಯವೋ ಹಾಲೋ ಹದಿನಾರು ಪಾಲು. ನೀರಿನಂಶ ಎಲ್ಲ ಆರುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಬೇಕು. ಲೆಕ್ಕ ಸುಲಭವಾಗಲಿ ಅಂತ 100 ಮಿಲಿ ಎಣ್ಣೆ ತೆಗೆದುಕೊಳ್ಳೋಣ. ಅದಕ್ಕೆ ಕಲ್ಕ ಸುಮಾರು 25 ಗ್ರಾಂ, ದ್ರವ 400 ಮಿಲಿ. 25 ಗ್ರಾಮನ್ನು 108 ಮೂಲಿಕೆಗೆ ಹಂಚಿದರೆ ಒಂದೊಂದಕ್ಕೆ 0.23 ಗ್ರಾಂ. ಒಂದು ಚಿಟಿಕೆಗೂ ಕಡಿಮೆ. ಸರಿ, ದ್ರವವನ್ನೂ ಮೂಲಿಕೆಯ ಕಷಾಯದಿಂದಲೇ ಮಾಡಿದ್ದಾರೆ ಅಂದುಕೊಳ್ಳಿ. ಒಂದು ಪಾಲು ಮೂಲಿಕೆಗೆ ಹದಿನಾರು ಪಾಲು ನೀರು ಹಾಕಿ ಕಾಲು ಭಾಗಕ್ಕೆ ಇಳಿಸಿದರೆ, 400 ಮಿಲಿ ಕಷಾಯಕ್ಕೆ 100 ಗ್ರಾಂ ಮೂಲಿಕೆ ಬೇಕು. ಅದನ್ನೂ ಸೇರಿಸಿ ಹಂಚಿದರೆ ತಲಾ ಒಂದು ಗ್ರಾಂಗಿಂತ ಸ್ವಲ್ಪ ಜಾಸ್ತಿ. ಇಷ್ಟೂ ಕಷ್ಟಪಟ್ಟು ಶಾಸ್ತ್ರೋಕ್ತವಾಗಿ ಮಾಡಿದರೆ ಮಾತ್ರ ಈ ಲೆಕ್ಕ.

ಹೋಲಿಸಲು ಕೇರಳದ 'ಸಹಸ್ರಯೋಗಂ' ಗ್ರಂಥದಲ್ಲಿರುವ ನೀಲಿಭೃಂಗಾದಿ ತೈಲ ತೆಗೆದುಕೊಳ್ಳಿ. ಕೂದಲಿಗೆಂದೇ ಇರುವ, ಹಲವು ಕಂಪನಿಗಳು ಮಾಡುವ ಎಣ್ಣೆ ಅದು. ನೀಲಿ ಗಿಡ, ಗರುಗದ ಸೊಪ್ಪು, ನೆಲ್ಲಿಕಾಯಿ ಇಂಥ ನಾಲ್ಕು ರಸಗಳು, ತೆಂಗಿನ ಹಾಲು ಮತ್ತು ಆಕಳು, ಎಮ್ಮೆ, ಆಡಿನ ಹಾಲು, ಅತಿಮಧುರ ಮತ್ತು ಗುಲಗಂಜಿ ಬೇರಿನಂಥ ಕೆಲವೇ ಕಲ್ಕ ದ್ರವ್ಯ, ತಳಕ್ಕೆ ಎಣ್ಣೆ. ಎಲ್ಲ ಸೇರಿ ಹತ್ತು ಹನ್ನೆರಡು. ಹಳೆಯ ವೈದ್ಯರು ನೂರಾ ಎಂಟು ಹಾಕದೆ ಇದ್ದದ್ದು ತಿಳಿಯದೆ ಅಲ್ಲ, ಒಂದೊಂದಕ್ಕೂ ಅಳತೆ ಬೇಕಾಗಿತ್ತು. ಇದರ ಪ್ಯಾಕ್ ಮೇಲೆ ಇಷ್ಟು ಮಿಲಿ ಎಣ್ಣೆಗೆ ಯಾವುದು ಎಷ್ಟು ಅಂತ ಇರಬೇಕು, ಯಾವ ಗ್ರಂಥದ ಪಾಠ ಅಂತಲೂ ಇರಬೇಕು. ಗ್ರಂಥ ತೆಗೆದು ಹೋಲಿಸಬಹುದು. (ಇದರಿಂದ ಕೂದಲು ಬೆಳೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ಬಾಟಲಿಯಲ್ಲಿ ಏನಿದೆ ಅಂತ ಗೊತ್ತಾಗುತ್ತದೆ ಅಂತಷ್ಟೇ.)

ಗ್ರಂಥದಲ್ಲಿ ಇಲ್ಲದ, ಕಂಪನಿಯದ್ದೇ ಸೂತ್ರವಾದರೆ ಅದು 'ಪ್ರೊಪ್ರೈಟರಿ' ಔಷಧಿ. ಇಲ್ಲಿ ಒಂದು ಷರತ್ತಿದೆ. ಪ್ರಮಾಣ, ಸಂಯೋಜನೆ ನಿಮ್ಮದಾಗಬಹುದು, ಆದರೆ ಪ್ರತಿ ಘಟಕವೂ ಕಾಯ್ದೆಯ ಮೊದಲನೇ ಷೆಡ್ಯೂಲಿನಲ್ಲಿ ಹೆಸರಿಸಿದ ಗ್ರಂಥಗಳ ಯೋಗಗಳಲ್ಲಿ ಬಂದಿರಲೇಬೇಕು. ಈಗ ಆ ಜಾಹೀರಾತನ್ನು ಇನ್ನೊಮ್ಮೆ ಓದಿ: 'ನಮ್ಮ ಕಾಡಿನಲ್ಲಷ್ಟೇ ಸಿಗುವ, ಯಾವ ಪುಸ್ತಕದಲ್ಲೂ ಇಲ್ಲದ ರಹಸ್ಯ ಬೇರು'. ಅದು ನಿಜವಾದರೆ ಆಯುರ್ವೇದ ಲೈಸೆನ್ಸ್ ಸಿಗುವ ಹಾಗಿಲ್ಲ. ಲೈಸೆನ್ಸ್ ಇದ್ದರೆ ರಹಸ್ಯ ಬೇರು ಸುಳ್ಳು. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ.

'ಹಾಗೂ ಇತರೆ ಗಿಡಮೂಲಿಕೆಗಳು' ಅನ್ನುವುದಕ್ಕೂ ನಿಯಮದಲ್ಲಿ ಜಾಗವಿಲ್ಲ. ಎಲ್ಲ ಘಟಕಗಳ ಪಟ್ಟಿ, ಸಸ್ಯಶಾಸ್ತ್ರೀಯ ಹೆಸರು, ಸಸ್ಯದ ಯಾವ ಭಾಗ, ಪುಡಿಯೋ ಸಾರವೋ, ಎಷ್ಟು ಪ್ರಮಾಣ, ಇಷ್ಟನ್ನೂ ಕೇಳುತ್ತದೆ. ಪಟ್ಟಿ ಉದ್ದವಾಗಿ ಲೇಬಲ್ಲಿನಲ್ಲಿ ಹಿಡಿಯದಿದ್ದರೆ ಬೇರೆ ಚೀಟಿಯಲ್ಲಿ ಮುದ್ರಿಸಿ ಒಳಗಿಡಿ, ಲೇಬಲ್ಲಿನಲ್ಲಿ ಅದನ್ನು ಸೂಚಿಸಿ ಅಂತ ನಿಯಮವೇ ದಾರಿ ಕೊಟ್ಟಿದೆ. ಜಾಗ ಇಲ್ಲ ಅನ್ನುವ ನೆಪ ನಡೆಯಲ್ಲ.

ಸಸ್ಯಶಾಸ್ತ್ರೀಯ ಹೆಸರು ಯಾಕೆ ಅಂತ ಕೇಳಿದರೆ 'ಬ್ರಾಹ್ಮಿ' ಒಂದೇ ಸಾಕು. ನಮ್ಮ ಮಲೆನಾಡು, ಕರಾವಳಿಯಲ್ಲಿ ಬ್ರಾಹ್ಮಿ ಅಂದರೆ ಬಹಳ ಜನರಿಗೆ ಒಂದೆಲಗ, ತಂಬುಳಿ ಮಾಡುವ ಸೊಪ್ಪು. ಅದು ಸೆಂಟೆಲ್ಲಾ ಏಷಿಯಾಟಿಕಾ. ಆದರೆ ಅಧಿಕೃತ ಆಯುರ್ವೇದ ಫಾರ್ಮಕೋಪಿಯಾದಲ್ಲಿ ಬ್ರಾಹ್ಮಿ ಅಂದರೆ ಬಕೋಪಾ ಮೊನ್ನಿಯೇರಿ, ನಾವು ನೀರುಬ್ರಾಹ್ಮಿ ಅನ್ನುವ ಗಿಡ. ಒಂದೆಲಗಕ್ಕೆ ಅಲ್ಲಿ ಮಂಡೂಕಪರ್ಣಿ ಅಂತ ಬೇರೆ ಹೆಸರಿದೆ. ಎರಡು ಬೇರೆ ಬೇರೆ ಕುಟುಂಬದ ಗಿಡಗಳು, ಒಳಗಿನ ರಾಸಾಯನಿಕಗಳೂ ಬೇರೆ. ಬರೀ 'ಬ್ರಾಹ್ಮಿ' ಅಂತ ಬರೆದ ಬಾಟಲಿಯಲ್ಲಿ ಯಾವುದಿದೆ? ಮಾಡಿದವರಿಗಾದರೂ ಗೊತ್ತಿದೆಯಾ ಅನ್ನುವುದು ನನ್ನ ಅನುಮಾನ.

ಇದಕ್ಕಿಂತ ದೊಡ್ಡ ಕಳ್ಳಕಿಂಡಿ ಆ 'ಆಯಿಲ್ ಬೇಸ್'. ಇದು ಸಣ್ಣವರಲ್ಲಷ್ಟೇ ಇಲ್ಲ, ದೊಡ್ಡ ಲೈಸೆನ್ಸುದಾರ ಕಂಪನಿಗಳ ಶಾಂಪೂ, ಫೇಸ್‌ವಾಷ್‌ಗಳಲ್ಲೂ ನೋಡಿದ್ದೇನೆ. ಭೃಂಗರಾಜ ಇಷ್ಟು ಮಿಲಿಗ್ರಾಂ, ಶೀಗೆ ಇಷ್ಟು ಮಿಲಿಗ್ರಾಂ ಅಂತ ಚಂದವಾಗಿ ಪಟ್ಟಿ ಮಾಡಿ, ಕೊನೆಗೆ 'ಬೇಸ್: ಕ್ಯೂ.ಎಸ್.' ಅಂತ ಬರೆದಿರುತ್ತಾರೆ. ಕ್ಯೂ.ಎಸ್. ಅಂದರೆ 'ಸಾಕಾಗುವಷ್ಟು'. ಮೂಲಿಕೆಗಳ ಮಿಲಿಗ್ರಾಂ ಕೂಡಿಸಿ ನೋಡಿ, ಬಹಳ ಸಲ ಬಾಟಲಿಯ ಸಣ್ಣ ಪಾಲೂ ಆಗುವುದಿಲ್ಲ. ಉಳಿದದ್ದೆಲ್ಲ ಬೇಸ್. ಶಾಂಪೂವಿನಲ್ಲಿ ನೊರೆ ಬರಿಸುವ ಸಲ್ಫೇಟ್, ಕೆಡದಂತೆ ಹಾಕುವ ಪ್ರಿಸರ್ವೇಟಿವ್, ಸುವಾಸನೆ ಅಲ್ಲೇ ಅಡಗುತ್ತವೆ. ಎಣ್ಣೆಯಲ್ಲಿ ಬೇಸ್ ಕೊಬ್ಬರಿ ಎಣ್ಣೆಯೋ ಎಳ್ಳೆಣ್ಣೆಯೋ ಪೆಟ್ರೋಲಿಯಂನಿಂದ ಬರುವ ಲಿಕ್ವಿಡ್ ಪ್ಯಾರಾಫಿನ್ನೋ ಅಂತ ತಿಳಿಯುವುದಿಲ್ಲ. ತಮಾಷೆ ಏನಂದರೆ, ನಾವು 'ಕೆಮಿಕಲ್' ಅಂತ ಬೈಯುವ ಮಾಮೂಲಿ ಶಾಂಪೂ ಕಾಸ್ಮೆಟಿಕ್ಸ್ ನಿಯಮಗಳ ಅಡಿ ಬರುತ್ತದೆ. ಅದು ತನ್ನೊಳಗಿನ ಎಲ್ಲವನ್ನೂ ಹೆಚ್ಚಿನದ್ದರಿಂದ ಕಡಿಮೆಯ ಕಡೆಗೆ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಅಲರ್ಜಿ ಇರುವವರಿಗೆ ಇದರಲ್ಲಿ ಹುಡುಕುವುದು ಸುಲಭ.

ಸುಗಂಧಕ್ಕೋ ಪ್ರಿಸರ್ವೇಟಿವ್‌ಗೋ ಮೈ ಕೆರೆಯುವವರು ಕ್ಯೂ.ಎಸ್. ಬೇಸ್ ಇರುವ ಪ್ಯಾಕ್ ಬಿಟ್ಟುಬಿಡುವುದೇ ಲೇಸು. ಕೊಬ್ಬರಿ ಎಣ್ಣೆ ಬೇಸ್ ಅಂತ ಹೇಳಿದ್ದರೆ ಒಂದು ಸ್ಥೂಲ ಪರೀಕ್ಷೆ ಮನೆಯಲ್ಲೇ ಇದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಸ್ವಲ್ಪ ಎಣ್ಣೆಯನ್ನು ಬಟ್ಟಲಲ್ಲಿ ಹಾಕಿ ರಾತ್ರಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ನೀರಿನಂತೆ ಹರಿಯುತ್ತಿದ್ದರೆ ಪ್ರಶ್ನೆ ಕೇಳಿ. ಎಳ್ಳೆಣ್ಣೆ ಬೆರೆತಿದ್ದರೆ ಪೂರ್ತಿ ಗಟ್ಟಿಯಾಗುವುದಿಲ್ಲ, ಹಾಗಾಗಿ ಇದು ಸಾಕ್ಷಿಯಲ್ಲ, ಬರೀ ಅನುಮಾನದ ಸುಳಿವು. ನಮ್ಮ ಗೆಳತಿಯ ಬಾಟಲಿಯದ್ದು ಗಟ್ಟಿಯಾಗಲಿಲ್ಲ. ಅದರಲ್ಲಿ ಯಾವ ಎಣ್ಣೆ ಅಂತ ಬರೆದೇ ಇಲ್ಲವಾದ್ದರಿಂದ ಸುಳ್ಳು ಹೇಳಿದ್ದಾರೆ ಅಂತಲೂ ಅನ್ನಲಾಗದು. ಬರೆಯದೇ ಇರುವುದರ ಲಾಭ ಅದೇ.

'ಆದರೆ ನನಗೆ ಕೆಲಸ ಮಾಡಿತು' ಅನ್ನುವವರು ನಿಜವಾಗಿಯೂ ಇದ್ದಾರೆ. ಅವರು ದುಡ್ಡು ತಗೊಂಡು ಹೇಳುತ್ತಿದ್ದಾರೆ ಅಂತ ನಾನು ಭಾವಿಸಿಲ್ಲ. ಡೆಂಗಿ, ಟೈಫಾಯ್ಡ್ ಥರದ ಜ್ವರ, ಹೆರಿಗೆ, ಸರ್ಜರಿ, ತೀವ್ರ ಡಯಟ್ ಆದ ಎರಡು ಮೂರು ತಿಂಗಳಿಗೆ ಕೂದಲು ಕಂತೆಕಂತೆ ಉದುರುತ್ತದೆ. ಬೇರು ಸತ್ತಿರುವುದಿಲ್ಲ, ವಿಶ್ರಾಂತಿಗೆ ಹೋಗಿರುತ್ತದೆ. ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿಯೇ ನಿಲ್ಲುತ್ತದೆ. ಜನ ಎಣ್ಣೆ ಹುಡುಕುವುದು ಉದುರುವಿಕೆ ತುತ್ತತುದಿಯಲ್ಲಿರುವಾಗ. ಹಾಗಾಗಿ ಯಾವ ಎಣ್ಣೆ ಹಚ್ಚಿದರೂ, ಹಚ್ಚದಿದ್ದರೂ ಮುಂದಿನ ತಿಂಗಳು ಕಡಿಮೆಯಾಗುತ್ತದೆ. ಹೆಸರು ಬಾಟಲಿಗೆ. ಗಂಡಸರ ಹಣೆ ಹಿಂದಕ್ಕೆ ಸರಿಯುವ ವಂಶಪಾರಂಪರ್ಯ ಬೋಳು ಬೇರೆ ಕಥೆ. ಅಲ್ಲಿ ಇಂಥ ಎಣ್ಣೆಗಳು ಏನೂ ಮಾಡದೆ ಇದ್ದಾಗ 'ನೀವು ಸರಿಯಾಗಿ ಹಚ್ಚಿಲ್ಲ, ಇನ್ನೂ ಮೂರು ಬಾಟಲಿ ತಗೊಳ್ಳಿ' ಅಂತ ಕಾಲ್ ಬರುತ್ತದೆ.

ಇಂಥ ಮಾತುಗಳನ್ನು ತಡೆಯಲು ಒಂದು ನಿಯಮ ಇತ್ತು. 2018ರ ಡಿಸೆಂಬರಿನಲ್ಲಿ ಬಂದ ನಿಯಮ 170. ಆಯುರ್ವೇದ ಔಷಧಿಯಿಂದ ರೋಗ ವಾಸಿ ಅಂತ ಜಾಹೀರಾತು ಕೊಡುವ ಮೊದಲು ರಾಜ್ಯದ ಪ್ರಾಧಿಕಾರದಿಂದ ಒಂದು ಗುರುತಿನ ಸಂಖ್ಯೆ ಪಡೆಯಿರಿ ಅಂತ ಅದು ಹೇಳಿತ್ತು. 2023ರ ಆಗಸ್ಟ್‌ನಲ್ಲಿ ಆಯುಷ್ ಸಚಿವಾಲಯವೇ ಇದರಡಿ ಕ್ರಮ ಬೇಡ ಅಂತ ರಾಜ್ಯಗಳಿಗೆ ಬರೆಯಿತು. ಪತಂಜಲಿ ಜಾಹೀರಾತುಗಳ ವಿರುದ್ಧ ಭಾರತೀಯ ವೈದ್ಯಕೀಯ ಸಂಘ ಹಾಕಿದ್ದ ಕೇಸು ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿರುವಾಗಲೇ, 2024ರ ಜುಲೈ 1ರಂದು ಕೇಂದ್ರ ಸರ್ಕಾರ ನಿಯಮವನ್ನೇ ತೆಗೆದುಹಾಕಿತು. ಆಗಸ್ಟ್‌ನಲ್ಲಿ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. 2025ರ ಆಗಸ್ಟ್‌ನಲ್ಲಿ ಕೇಸು ಮುಗಿಯಿತು, ತಡೆಯೂ ಹೋಯಿತು. ಈಗ ಉಳಿದಿರುವುದು 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆ, ಅದರ ಪಟ್ಟಿಯಲ್ಲಿ 54 ಕಾಯಿಲೆಗಳು. ಬಿಳಿ ಬಣ್ಣ, ಕೂದಲು ನರೆಯುವುದು ಮುಂತಾದವನ್ನೂ ಸೇರಿಸಲು 2020ರ ಫೆಬ್ರುವರಿಯಲ್ಲಿ ಕೇಂದ್ರ ಕರಡು ಹೊರಡಿಸಿತ್ತು. ಅದು ಕಾಯ್ದೆಯಾಗಲೇ ಇಲ್ಲ. ಜಾಹೀರಾತು ಬರುವ ಮೊದಲೇ ನೋಡುವ ಕಣ್ಣನ್ನು ಮುಚ್ಚಿ, ಬಂದಮೇಲೆ ನೀವೇ ದೂರು ಕೊಡಿ ಅಂತ ಜನರ ತಲೆಗೆ ಕಟ್ಟಿದ್ದಾರೆ. ತಲೆಗೆ ಅಂದರೆ ಇಲ್ಲಿ ಅಕ್ಷರಶಃ.

ಲೈಸೆನ್ಸ್ ಇದ್ದಮೇಲೆ ಎಲ್ಲ ಸರಿ ಅಂತಲೂ ಅಲ್ಲ. ಗ್ರಂಥದಲ್ಲಿರುವ ಸೂತ್ರಕ್ಕೆ ಲೈಸೆನ್ಸ್ ಪಡೆಯಲು ಹೊಸದಾಗಿ ಸುರಕ್ಷತಾ ಅಧ್ಯಯನ ಬೇಕಿಲ್ಲ, ಸೌಂದರ್ಯ ಪ್ರಸಾಧನಗಳಿಗೆ ಷರತ್ತು ಇನ್ನೂ ಸಡಿಲ. 2024ರ ಏಪ್ರಿಲ್‌ನಲ್ಲಿ ಉತ್ತರಾಖಂಡ ಸರ್ಕಾರ ಪತಂಜಲಿಯ ದಿವ್ಯ ಫಾರ್ಮಸಿಯ 14 ಉತ್ಪನ್ನಗಳ ಲೈಸೆನ್ಸ್ ಅಮಾನತು ಮಾಡಿತು. ಅಷ್ಟು ದಿನ ಆ ಪ್ಯಾಕ್‌ಗಳ ಮೇಲೂ ಲೈಸೆನ್ಸ್ ನಂಬರ್ ಇತ್ತಲ್ಲ. ಆ ನಂಬರ್ ಕೆಲಸ ಮಾಡುತ್ತದೆ ಅಂತ ಹೇಳುವುದಿಲ್ಲ, ಯಾರನ್ನು ಕೇಳಬೇಕು ಅಂತ ಹೇಳುತ್ತದೆ.

ಕೇಳುವುದು ಹೀಗೆ. ಬಾಟಲಿಯ ಎಲ್ಲ ಮಗ್ಗುಲಿನ ಫೋಟೊ, ಬಿಲ್, ಜಾಹೀರಾತಿನ ಸ್ಕ್ರೀನ್‌ಶಾಟ್ ದಿನಾಂಕದ ಸಮೇತ ಇಟ್ಟುಕೊಳ್ಳಿ. ದೂರು ಹೋದ ತಕ್ಷಣ ವಿಡಿಯೊ ಡಿಲೀಟ್ ಆಗುತ್ತದೆ. ಉಳಿದ ಎಣ್ಣೆ ಚೆಲ್ಲಬೇಡಿ. ಲೈಸೆನ್ಸ್ ನಂಬರ್ ಇದ್ದರೆ ಆ ರಾಜ್ಯದ ಆಯುಷ್ ಇಲಾಖೆಯ ಲೈಸೆನ್ಸಿಂಗ್ ಪ್ರಾಧಿಕಾರಕ್ಕೆ ಪತ್ರ ಬರೆದು, ಈ ನಂಬರಿನಲ್ಲಿ ಈ ಹೆಸರಿನ ಉತ್ಪನ್ನಕ್ಕೆ ಅನುಮತಿ ಇದೆಯೇ ಅಂತ ಆರ್‌ಟಿಐನಲ್ಲಿ ಕೇಳಿ. ಕಾರ್ಖಾನೆಗೆ ಲೈಸೆನ್ಸ್ ಇದ್ದರೆ ಸಾಲದು, ಆ ಉತ್ಪನ್ನದ ಹೆಸರೂ ಅನುಮತಿ ಪಟ್ಟಿಯಲ್ಲಿರಬೇಕು. ನಂಬರ್ ಇಲ್ಲದಿದ್ದರೆ ಲೈಸೆನ್ಸ್ ಇಲ್ಲದ ತಯಾರಿಕೆ ಅಂತಲೇ ದೂರು ಕೊಡಿ. ದಾರಿತಪ್ಪಿಸುವ ಜಾಹೀರಾತು, ಅಡ್ಡಪರಿಣಾಮ ಎರಡಕ್ಕೂ 2025ರ ಮೇ ಕೊನೆಯಲ್ಲಿ ಶುರುವಾದ 'ಆಯುಷ್ ಸುರಕ್ಷಾ' ಪೋರ್ಟಲ್ ಇದೆ. ಗ್ರಾಹಕ ಸಹಾಯವಾಣಿ 1915. ವಿಡಿಯೊದಲ್ಲಿ ನಗುತ್ತಾ ಬಾಟಲಿ ಹಿಡಿದವರನ್ನೂ ಬಿಡಬೇಕಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಸುಳ್ಳು ಜಾಹೀರಾತಿಗೆ ಮುಖ ಕೊಟ್ಟವರಿಗೂ ಮೊದಲ ಸಲ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು.

ಹಕ್ಕಿಪಿಕ್ಕಿಗಳ ಕಡೆಗೆ ಬಂದರೆ, ನನಗೆ ಸಿಟ್ಟು ಬರುವುದು ಇಲ್ಲೇ. 'ಆದಿವಾಸಿ' ಅನ್ನುವ ಪದವನ್ನು ಯಾರು ಬೇಕಾದರೂ ಬಾಟಲಿಗೆ ಅಂಟಿಸಿ ದುಡ್ಡು ಮಾಡಬಹುದು. ನಾಳೆ ಯಾರದೋ ತಲೆ ಸುಟ್ಟರೆ ಪೊಲೀಸರು ಹೋಗುವುದು ಪಕ್ಷಿರಾಜಪುರಕ್ಕೇ. ನಿಯಮದ ಪ್ರಕಾರ ಕಾರ್ಖಾನೆ ಕಟ್ಟಲು ಗುಣಮಟ್ಟದ ಜಾಗ, ಯಂತ್ರ, ತಜ್ಞ ಸಿಬ್ಬಂದಿ ಬೇಕು. ಗುಡಿಸಲ ಮುಂದೆ ಕಡಾಯಿ ಇಟ್ಟವರಿಗೆ ಅದು ಆಗುವ ಮಾತಲ್ಲ. ಆದರೆ 25-ಇ ಲೋನ್ ಲೈಸೆನ್ಸ್ ಇರುವುದೇ ಅಂಥವರಿಗೆ. ಸಮುದಾಯದ್ದೇ ಒಂದು ಸಹಕಾರ ಸಂಘ ಅರ್ಜಿ ಹಾಕಿ, ಲೈಸೆನ್ಸ್ ಇರುವ ಘಟಕದಲ್ಲಿ ತಮ್ಮ ಎಣ್ಣೆ ಕಾಯಿಸಿ, ಹತ್ತು ಗಿಡದ ಹೆಸರನ್ನು ಸರಿಯಾಗಿ ಬರೆದು, ತಮ್ಮ ಊರಿನ ವಿಳಾಸವನ್ನೇ ಹಾಕಿ ಮಾರಬಹುದು. ಬುಡಕಟ್ಟು ಸಮುದಾಯಗಳಿಗೆಂದೇ ಲ್ಯಾಂಪ್ಸ್ ಸಹಕಾರ ಸಂಘಗಳು ನಮ್ಮ ರಾಜ್ಯದಲ್ಲಿ ಮೊದಲಿನಿಂದಲೂ ಇವೆ. ಸಮಾಜ ಕಲ್ಯಾಣ ಇಲಾಖೆ ಮತ್ತು ಆಯುಷ್ ಇಲಾಖೆ ಒಂದು ಮೇಜಿನ ಸುತ್ತ ಕೂತು ಆ ಅರ್ಜಿ ತುಂಬಿಸಿಕೊಡಲು ಹೊಸ ಕಾಯ್ದೆಯೇನೂ ಬೇಕಿಲ್ಲ.